ನಲವತ್ತು ಕುರ್ತಾ, ಒಂದೇ ಮುಖ

ಪ್ರಶ್ನೆ: ನನ್ನ ಬಳಿ ಮಾಡೆಲ್‌ನ ಒಂದೇ ಫೋಟೊ ಇದೆ. ಎಐ ಬಳಸಿ ಬೇರೆ ಬೇರೆ ಕುರ್ತಾ ತೊಡಿಸಿದರೆ ಪ್ರತಿ ಚಿತ್ರದಲ್ಲೂ ಬೇರೆ ಹುಡುಗಿ ಕಾಣುತ್ತಾಳೆ. ಏನು ಮಾಡಲಿ?

ಮುಂಬೈಯ ದಾದರ್‌ನಲ್ಲಿರುವ ನಮ್ಮ ಭಾವನವರ ಅಂಗಡಿಗೆ ಕ್ಯಾಟಲಾಗ್ ಮಾಡಿಕೊಡುವವನು ನಾನು. ಮೊದಲ ಸಲ ಕೆಂಪು ಕುರ್ತಾ ತೊಡಿಸಿದ ಚಿತ್ರಕ್ಕೇ ಹಸಿರನ್ನು, ಹಸಿರಿನ ಚಿತ್ರಕ್ಕೇ ನೀಲಿಯನ್ನು ತೊಡಿಸುತ್ತಾ ಹೋದೆ. ಎಂಟನೆಯದಕ್ಕೆ ಬರುವಷ್ಟರಲ್ಲಿ ಕೆನ್ನೆಯ ಮಚ್ಚೆ ಮಾಯವಾಗಿ ಗದ್ದ ಚೂಪಾಗಿತ್ತು. ಅಕ್ಕ ನೋಡಿ, "ಇದು ಅವಳ ತಂಗಿಯೇನೋ?" ಎಂದಳು.

ಆದ್ದರಿಂದ ಪ್ರತಿ ಕುರ್ತಾವನ್ನೂ ಮೂಲ ಫೋಟೊದಿಂದಲೇ ಶುರುಮಾಡಿ. ಬಟ್ಟೆಯ ಭಾಗಕ್ಕೆ ಮಾತ್ರ ಮಾಸ್ಕ್ ಹಾಕಿ, ಅಂದರೆ ಎಐ ಬದಲಿಸಬೇಕಾದ ಜಾಗ ಅದಷ್ಟೇ ಎಂದು ಗುರುತು ಮಾಡಿ. ಅಷ್ಟಾದರೂ ಮುಖ ತುಸು ಬದಲಾಗುತ್ತದೆ. ಸ್ಟೇಬಲ್ ಡಿಫ್ಯೂಷನ್ ಬಗೆಯ, ಚಿತ್ರ ರಚಿಸುವ ಎಐಗಳು ಇಡೀ ಚಿತ್ರವನ್ನು ಎಂಟು ಪಟ್ಟು ಕುಗ್ಗಿಸಿ ಮತ್ತೆ ಹಿಗ್ಗಿಸುತ್ತವೆ. 1024 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ ಮಾಡೆಲ್ ಪೂರ್ತಿ ನಿಂತಿದ್ದರೆ ತಲೆಗೆ ಸಿಗುವುದು ಸುಮಾರು 120 ಪಿಕ್ಸೆಲ್, ಕುಗ್ಗಿದ ಮೇಲೆ ಹದಿನೈದೇ ಚೌಕದ ಎತ್ತರ. ಕಣ್ಣು ಒಂದೆರಡು ಚೌಕದಲ್ಲಿ ಮುಗಿದುಹೋಗುತ್ತದೆ. ಮಚ್ಚೆ ಉಳಿಯುವುದೆಲ್ಲಿಂದ!

ಹಾಗಾಗಿ ಕೊನೆಯಲ್ಲಿ ಮೂಲ ಫೋಟೊದ ಮುಖವನ್ನೇ ಮರಳಿ ಅಂಟಿಸುತ್ತೇನೆ. ಮುಖ ಮತ್ತು ಕೂದಲು ಬಿಳಿ, ಉಳಿದದ್ದು ಕಪ್ಪು ಇರುವ ಒಂದು ಮಾಸ್ಕ್ ಎಲ್ಲ ಕುರ್ತಾಗಳಿಗೂ ಸಾಕು. ಎಐ ಕೊಟ್ಟ ಕುರ್ತಾ ಚಿತ್ರ, ಮೂಲ ಫೋಟೊ, ಮಾಸ್ಕ್, ಈ ಮೂರರ ಅಳತೆಯೂ ಒಂದೇ ಇರಬೇಕು. ಚಿತ್ರ ತಿದ್ದುವ ಇಮೇಜ್‌ಮ್ಯಾಜಿಕ್ ತಂತ್ರಾಂಶದಲ್ಲಿ ಹೀಗೆ ಆದೇಶ ಕೊಡಿ:

```
magick kurta.png original.png mask.png -composite out.png
```

ಮಾಸ್ಕ್‌ನ ಅಂಚನ್ನು ಕೆಲವು ಪಿಕ್ಸೆಲ್‌ನಷ್ಟು ಮಸುಕುಗೊಳಿಸಿ, ಗದ್ದದ ಕೆಳಗಿನ ನೆರಳಿನಲ್ಲಿ ಮುಗಿಸಿ. ಕತ್ತಿನ ನಡುವೆ ಕತ್ತರಿಸಿದರೆ ಚರ್ಮದ ಎರಡು ಬಣ್ಣ ಎದ್ದು ಕಾಣುತ್ತವೆ. ಸರಿಯಾಗಿದೆಯೇ ಎಂದು ನೋಡಲು ಎಲ್ಲ ಚಿತ್ರಗಳನ್ನೂ ಒಂದರ ಮೇಲೊಂದು ಇಟ್ಟು ಬೇಗ ಬೇಗ ಬದಲಿಸಿ ನೋಡುತ್ತೇನೆ. ಕಣ್ಣುಗಳು ಅಲುಗಿದರೆ ಎಲ್ಲೋ ಅಳತೆ ತಪ್ಪಿದೆ ಎಂದೇ ಅರ್ಥ.

ಇನ್ನೊಂದು ಫೋಟೊ ತೆಗೆಸುವ ಅವಕಾಶವಿದ್ದರೆ ತೋಳಿಲ್ಲದ, ಮೈಗೆ ಅಂಟುವ, ಅಗಲ ಕತ್ತಿನ ಬಟ್ಟೆಯಲ್ಲಿ ತೆಗೆಸಿ. ತುಂಬು ತೋಳಿನ ಫೋಟೊಗೆ ಅರ್ಧ ತೋಳಿನ ಕುರ್ತಾ ತೊಡಿಸಿದಾಗ ಕೈಯನ್ನು ಎಐ ತಾನೇ ಊಹಿಸುತ್ತದೆ. ಒಂದರಲ್ಲಿ ತೆಳ್ಳಗೆ, ಇನ್ನೊಂದರಲ್ಲಿ ದಪ್ಪಗೆ. ಕೂದಲನ್ನು ಹಿಂದಕ್ಕೆ ಕಟ್ಟಿಸುವುದೂ ಮುಖ್ಯ. ಎದೆಯ ಮೇಲೆ ಬಿದ್ದ ಜಡೆ ಕಸೂತಿಯೊಳಗೆ ಕರಗಿ ನನ್ನ ಮೂರು ಸಂಜೆಗಳನ್ನು ತಿಂದಿದೆ. ಚಿತ್ರವನ್ನು ಹೀಗೆ ತಿದ್ದಿ ಬಳಸುತ್ತೇವೆಂದು ಮಾಡೆಲ್‌ನಿಂದ ಬರೆಸಿಕೊಳ್ಳಲು ಮರೆಯಬೇಡಿ.

ಬೆನ್ನಿನ ಕಡೆಯ ಚಿತ್ರ ಮಾತ್ರ ಈ ದಾರಿಯಲ್ಲಿ ಬರುವುದಿಲ್ಲ. ಎದುರಿನ ಫೋಟೊದಲ್ಲಿ ಇಲ್ಲದ ಬೆನ್ನನ್ನೂ ಅಲ್ಲಿನ ಕಸೂತಿಯನ್ನೂ ಎಐ ಕಲ್ಪಿಸಿಯೇ ಕೊಡುತ್ತದೆ, ಆಮೇಲೆ ಗಿರಾಕಿ ಕುರ್ತಾವನ್ನು ಹಿಂದಿರುಗಿಸುತ್ತಾನೆ. ಅದಕ್ಕೆ ನಾವು ಕುರ್ತಾವನ್ನು ಹ್ಯಾಂಗರ್‌ಗೆ ಹಾಕಿ ಕಿಟಕಿಯ ಬೆಳಕಿನಲ್ಲಿ ತೆಗೆದ ಫೋಟೊವನ್ನೇ ಹಾಕುತ್ತೇವೆ.