ಎರಡು ಪುಟದ ಸಮರ್ಥನೆಯನ್ನು ಏಳು ವಾಕ್ಯಕ್ಕೆ ಇಳಿಸುವ ಬಗೆ

«ಅಕ್ಕ, ನಾನು ಮಂಗಳೂರಿನವನು. ಕಾಫಿ ಆಮದು ಮಾಡುವ ಕಂಪನಿಯೊಂದಕ್ಕೆ ಸೇರಿ ರೋಟರ್‌ಡ್ಯಾಂಗೆ ಬಂದು ನಾಲ್ಕು ತಿಂಗಳಾಯಿತು. ನಮ್ಮ ಊರಿನ ಬಂದರಿನಿಂದ ಹೊರಟ ಕಂಟೇನರ್ ಒಂದು ವಾರ ತಡವಾಗಿದೆ. ನಾನೇ ಕೇಳಿದ ಮೇಲಷ್ಟೇ ಹೇಳಿದಿರಿ ಎಂದು ಗಿರಾಕಿಯೊಬ್ಬರು ಶುಕ್ರವಾರ ಖಾರವಾಗಿ ಬರೆದಿದ್ದಾರೆ. ಶನಿವಾರ, ಭಾನುವಾರ ಕುಳಿತು ನಾನು ಬರೆದ ಉತ್ತರ ಎರಡು ಪುಟ ದಾಟಿದೆ. ಮ್ಯಾನೇಜರ್ ‘ಚಿಕ್ಕದು ಮಾಡು’ ಎಂದರು, ಆದರೆ ಕತ್ತರಿಸಿದರೆ ಒರಟಾಗಿ ಕಾಣುತ್ತದೆ. ಇಲ್ಲಿ ಇಂಥದ್ದನ್ನು ಹೇಗೆ ಬರೆಯುತ್ತಾರೆ? ಅವರ ಪತ್ರವನ್ನೂ ನನ್ನ ಕರಡನ್ನೂ ಜೊತೆಗಿಟ್ಟಿದ್ದೇನೆ.»

ರಜೆಗೆಂದು ಉಡುಪಿಗೆ ಬಂದಿರುವ ನಾನು ಕಲ್ಸಂಕದ ಮನೆಯಲ್ಲಿ ಕುಳಿತು ನಿಮ್ಮ ಕರಡನ್ನು ಎರಡು ಸಲ ಓದಿದೆ. ಮೂರನೆಯ ಸಲ ಓದುವ ಮೊದಲು ಗಿರಾಕಿಯ ಪತ್ರವನ್ನು ಓದಿದೆ. ನೀವೂ ಅದರಿಂದಲೇ ಆರಂಭಿಸಬೇಕು ಎಂಬುದು ನನ್ನ ಮೊದಲ ಮಾತು, ಏಕೆಂದರೆ ಉತ್ತರದಲ್ಲಿ ಏನು ಉಳಿಯಬೇಕು ಎಂಬುದನ್ನು ನಮ್ಮ ಕರಡು ಹೇಳುವುದಿಲ್ಲ, ಬಂದ ಪತ್ರ ಹೇಳುತ್ತದೆ. ಅವರು ಕೇಳಿರುವುದು ಮೂರೇ ಸಂಗತಿ: ತಡವಾಗುವುದು ಗೊತ್ತಿದ್ದೂ ನನಗೆ ಏಕೆ ತಿಳಿಸಲಿಲ್ಲ, ಸರಕು ಯಾವತ್ತು ಬರುತ್ತದೆ, ಅಲ್ಲಿಯ ತನಕ ನಾನು ಹುರಿಯುವುದು ಯಾವ ಕಾಫಿಯನ್ನು. ಈ ಮೂರನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಂಡು ನಿಮ್ಮ ಕರಡಿನಲ್ಲಿ ಉತ್ತರ ಹುಡುಕಿದೆ. ಬರುವ ದಿನ ಆರನೆಯ ಪ್ಯಾರಾದಲ್ಲಿದೆ. ಗೋದಾಮಿನಲ್ಲಿ ಅದೇ ದರ್ಜೆಯ ಸ್ವಲ್ಪ ದಾಸ್ತಾನು ಇರುವ ವಿಷಯ ಕೊನೆಯ ಪ್ಯಾರಾದಲ್ಲಿ, ‘ಬೇಕಾದರೆ ಪರಿಶೀಲಿಸಬಹುದು’ ಎಂಬ ಬಾಲದೊಂದಿಗೆ ಬಂದಿದೆ. ಮೊದಲ ಪ್ರಶ್ನೆಗೆ ಉತ್ತರವೇ ಇಲ್ಲ.

ಆ ಉತ್ತರ ಇಲ್ಲದಿರುವುದೇ ನಿಮ್ಮ ಪತ್ರ ಉದ್ದವಾಗಲು ಕಾರಣ ಎಂದು ನನಗೆ ತೋರುತ್ತದೆ. ಕೊಲಂಬೊದಲ್ಲಿ ಕಂಟೇನರನ್ನು ಮುಂದಿನ ಹಡಗಿಗೆ ದೂಡಲಾಗಿದೆ ಎಂಬ ಸೂಚನೆ ನಿಮಗೆ ಮಂಗಳವಾರ 3ರಂದು ಬಂದಿತ್ತು, ಗಿರಾಕಿ ಕೇಳಿದ್ದು ಶುಕ್ರವಾರ 6ರಂದು. ನಡುವಿನ ಮೂರು ದಿನ ನೀವು ಸುಮ್ಮನಿದ್ದಿರಿ. ಬಹುಶಃ ಹಡಗು ಕಂಪನಿಯಿಂದ ಖಚಿತ ದಿನಾಂಕ ಬರಲಿ ಎಂದು ಕಾದಿರಬಹುದು, ಹೊಸಬರೆಲ್ಲರೂ ಹಾಗೆಯೇ ಕಾಯುತ್ತಾರೆ. ಆದರೆ ಆ ಮೂರು ದಿನಗಳನ್ನು ಒಂದು ವಾಕ್ಯದಲ್ಲಿ ಒಪ್ಪಿಕೊಳ್ಳಲು ಮನಸ್ಸಾಗದೆ, ಬಂದರಿನ ದಟ್ಟಣೆ, ನೀವು ಕಳಿಸಿದ ನೆನಪೋಲೆಗಳು, ಮಂಗಳೂರಿನ ರಫ್ತುದಾರರು ದಾಖಲೆ ಕೊಡಲು ಮಾಡಿದ ನಿಧಾನ, ಇವೆಲ್ಲವನ್ನೂ ಅದರ ಸುತ್ತ ಗೋಡೆಯಂತೆ ಕಟ್ಟಿದ್ದೀರಿ. ಸಮರ್ಥನೆಯ ಪತ್ರಗಳು ಸಾಮಾನ್ಯವಾಗಿ ಹೀಗೆಯೇ ಬೆಳೆಯುತ್ತವೆ. ಹೇಳದೆ ಬಿಟ್ಟ ವಾಕ್ಯವನ್ನು ಮೊದಲು ಬರೆದರೆ ಸುತ್ತಲಿನ ಹೆಚ್ಚಿನ ಮಾತು ತಾನಾಗಿ ಅನಗತ್ಯವಾಗುತ್ತದೆ. ಆದ್ದರಿಂದ ಕತ್ತರಿ ಹಿಡಿಯುವ ಮೊದಲು ಆ ಒಂದು ವಾಕ್ಯವನ್ನು ಸೇರಿಸಬೇಕು.

ಅದನ್ನು ಮೊದಲು ಕನ್ನಡದಲ್ಲೇ ಬರೆಯಿರಿ. ‘ತಿಳಿಸಲು ತಡವಾಯಿತು’ ಎಂದು ನಿಮ್ಮ ಕೈ ಬರೆಯುತ್ತದೆ. ಅದನ್ನು ಹೊಡೆದುಹಾಕಿ ‘ನಾನು ತಡವಾಗಿ ತಿಳಿಸಿದೆ’ ಎಂದು ಬರೆಯಿರಿ. ಮೊದಲನೆಯದರಲ್ಲಿ ತಡ ಎಂಬುದು ಮಳೆಯ ಹಾಗೆ ಆಕಾಶದಿಂದ ಬಂದದ್ದು, ಎರಡನೆಯದರಲ್ಲಿ ಅದನ್ನು ಮಾಡಿದವರು ಇದ್ದಾರೆ. ನಿಮ್ಮ ಇಂಗ್ಲಿಷ್ ಕರಡಿನ ತುಂಬ ಇರುವುದು ಮೊದಲನೆಯ ರೂಪವೇ, ಓದುವವರಿಗೆ ಸಿಟ್ಟು ಬರಿಸುವುದೂ ಅದೇ.

ಇನ್ನು ಕತ್ತರಿಸುವ ಕೆಲಸ. ಕರಡನ್ನು ಮುದ್ರಿಸಿ, ಪ್ರತಿ ವಾಕ್ಯದ ಪಕ್ಕದಲ್ಲಿ ಅದು ಯಾರಿಗಾಗಿ ಇದೆ ಎಂದು ಗುರುತು ಹಾಕಿ. ನಾನು ಹಾಗೆ ಮಾಡಿದಾಗ ಒಟ್ಟು 38 ವಾಕ್ಯಗಳಲ್ಲಿ ಗಿರಾಕಿಗೆ ಬೇಕಾದವು 9, ನಿಮ್ಮನ್ನು ಕಾಯುವುದಕ್ಕಾಗಿ ಇರುವವು 19, ಬೇರೆಯವರ ಮೇಲೆ ಬೆರಳು ತೋರಿಸುವವು 10 ಸಿಕ್ಕಿದವು. ಈ ಹತ್ತನ್ನು ಯೋಚಿಸದೆ ತೆಗೆಯಬಹುದು. ಗಿರಾಕಿ ವ್ಯವಹರಿಸುತ್ತಿರುವುದು ನಿಮ್ಮ ಕಂಪನಿಯೊಂದಿಗೆ, ಹಡಗು ಕಂಪನಿಯನ್ನೂ ರಫ್ತುದಾರರನ್ನೂ ಆರಿಸಿಕೊಂಡವರು ನೀವು, ಅವರನ್ನು ದೂರಿದರೆ ಅದು ನಿಮ್ಮ ಆಯ್ಕೆಯನ್ನೇ ದೂರಿದಂತಾಗುತ್ತದೆ.

ನಿಮ್ಮನ್ನು ಕಾಯುವ ಹತ್ತೊಂಬತ್ತು ವಾಕ್ಯಗಳ ವಿಷಯದಲ್ಲಿ ಎಚ್ಚರ ಬೇಕು, ಏಕೆಂದರೆ ಅವುಗಳಲ್ಲಿ ಹೆಚ್ಚಿನವು ನಿಜ, ನಾಳೆ ಬೇಕಾಗಲೂಬಹುದು. ಯಾವ ದಿನ ಯಾರಿಗೆ ಬರೆದಿರಿ, ಏನು ಉತ್ತರ ಬಂತು ಎಂಬುದನ್ನು ಅಳಿಸಬೇಡಿ. ಪತ್ರದಿಂದ ತೆಗೆದು, ದಿನಾಂಕವಾರು ಬರೆದ ಬೇರೆ ಟಿಪ್ಪಣಿಯಾಗಿ ನಿಮ್ಮ ಕಡತದಲ್ಲಿ ಇಟ್ಟುಕೊಳ್ಳಿ, ಒಂದು ಪ್ರತಿಯನ್ನು ಮ್ಯಾನೇಜರಿಗೆ ಕೊಡಿ. ಇದು ಎಲ್ಲೋ ಸುರಕ್ಷಿತವಾಗಿದೆ ಎಂದು ಗೊತ್ತಾದ ಮೇಲೆ ಪತ್ರದಲ್ಲಿ ತುರುಕುವ ಹಟ ಕಡಿಮೆಯಾಗುತ್ತದೆ, ಇದು ನನ್ನ ಅನುಭವ.

ಒಂದೇ ಒಂದು ಕಾರಣವನ್ನು ಮಾತ್ರ ಉಳಿಸಿಕೊಳ್ಳಿ: ಹಡಗು ಬದಲಾದದ್ದು. ಆದರೆ ಅದಕ್ಕೆ ಸ್ವಂತ ವಾಕ್ಯ ಕೊಡಬೇಡಿ. ‘ಕೊಲಂಬೊದಲ್ಲಿ ದಟ್ಟಣೆ ಇತ್ತು, ಆದ್ದರಿಂದ ಕಂಟೇನರ್ ಬರಲಿಲ್ಲ, ಇದು ನಮ್ಮ ಕೈಯಲ್ಲಿರಲಿಲ್ಲ’ ಎಂದರೆ ಅದು ವಾದ. ‘ಕೊಲಂಬೊದಲ್ಲಿ ಮುಂದಿನ ಹಡಗಿಗೆ ಹೋದ ಕಂಟೇನರ್ 25ಕ್ಕೆ ತಲುಪುತ್ತದೆ’ ಎಂದರೆ ಅದೇ ಕಾರಣ ಮಾಹಿತಿಯಾಗಿ, ದಿನಾಂಕದ ಹಿಂದೆ ನಿಲ್ಲುತ್ತದೆ.

ಇಷ್ಟು ಮಾಡಿದ ಮೇಲೆ ನನ್ನ ಕೈಯಲ್ಲಿ ಉಳಿದ ಪತ್ರ ಇದು. ಇಂಗ್ಲಿಷಿಗೆ ನೀವೇ ಇಳಿಸಿಕೊಳ್ಳಿ.

ನಮಸ್ಕಾರ (ಅವರ ಹೆಸರು),

ಹಡಗು ಬದಲಾದ ಸೂಚನೆ ಮಂಗಳವಾರ 3ರಂದೇ ನನಗೆ ಬಂದಿದ್ದರೂ ನೀವು ಕೇಳುವ ತನಕ ನಾನು ತಿಳಿಸಲಿಲ್ಲ. ಇದರಿಂದ ನಿಮ್ಮ ಸಿದ್ಧತೆಯ ಮೂರು ದಿನ ಕಳೆದುಹೋಯಿತು, ಅದಕ್ಕಾಗಿ ಕ್ಷಮೆ ಕೇಳುತ್ತೇನೆ.

ಕೊಲಂಬೊದಲ್ಲಿ ಮುಂದಿನ ಹಡಗಿಗೆ ಹೋದ ನಿಮ್ಮ 320 ಚೀಲಗಳ ಕಂಟೇನರ್ 18ರ ಬದಲು ಬುಧವಾರ 25ಕ್ಕೆ ರೋಟರ್‌ಡ್ಯಾಂ ತಲುಪುತ್ತದೆ ಎಂಬುದು ಹಡಗು ಕಂಪನಿಯ ಈಗಿನ ಅಂದಾಜು, ಅವರ ಸೂಚನೆಯನ್ನು ಲಗತ್ತಿಸಿದ್ದೇನೆ.

23ರ ವಾರದ ನಿಮ್ಮ ಕೆಲಸಕ್ಕಾಗಿ ನಮ್ಮ ಗೋದಾಮಿನಲ್ಲಿ ಅದೇ ದರ್ಜೆಯ 40 ಚೀಲಗಳನ್ನು ತೆಗೆದಿರಿಸಿದ್ದೇವೆ. ನಿಮಗೆ ಬೇಕೆಂದಾದರೆ ಬುಧವಾರ 11ರ ಮಧ್ಯಾಹ್ನದೊಳಗೆ ತಿಳಿಸಿ, ಗುರುವಾರ 19ಕ್ಕೆ ತಲುಪಿಸುತ್ತೇವೆ. ಬೆಲೆಯ ವಿಚಾರವಾಗಿ ನಮ್ಮ ಮ್ಯಾನೇಜರ್ ನಾಳೆ ನಿಮಗೆ ಕರೆ ಮಾಡುತ್ತಾರೆ.

ದಿನಾಂಕ ಮತ್ತೆ ಬದಲಾದರೆ ನನಗೆ ತಿಳಿದ ದಿನವೇ ನಿಮಗೂ ತಿಳಿಸುತ್ತೇನೆ.

ಏಳು ವಾಕ್ಯಗಳಾದವು. ಇದು ಒರಟಾಗಿ ಕಾಣುತ್ತದೆಯೇ ಎಂಬುದು ನಿಮ್ಮ ನಿಜವಾದ ಆತಂಕ. ಆ ಆತಂಕ ಎಲ್ಲಿಂದ ಬರುತ್ತದೆ ಎಂದು ನಾನು ಬಹಳ ಯೋಚಿಸಿದ್ದೇನೆ. ಕನ್ನಡದಲ್ಲಿ ಗೌರವ ಕ್ರಿಯಾಪದದ ಒಳಗೇ ಇರುತ್ತದೆ. ‘ಬನ್ನಿ’ ಎಂದರೆ ಸಾಕು, ಬೇರೆ ಏನೂ ಬೇಡ. ಇಂಗ್ಲಿಷಿಗೆ ಹೋದ ಕೂಡಲೇ ಆ ಪ್ರತ್ಯಯ ಕಳೆದುಹೋಗಿ ವಾಕ್ಯ ಬೋಳಾಗಿ ಕಾಣುತ್ತದೆ, ಆಗ ನಾವು ‘ಕೈಂಡ್ಲಿ’, ‘ಪ್ಲೀಸ್ ಡು ದ ನೀಡ್‌ಫುಲ್’, ‘ಸಾರಿ ಫಾರ್ ದ ಇನ್‌ಕನ್ವೀನಿಯನ್ಸ್’ ಎಂದು ಹೊರಗಿನಿಂದ ಗೌರವ ತಂದು ಅಂಟಿಸುತ್ತೇವೆ. ನಿಮ್ಮ ಕರಡಿನಲ್ಲಿ ‘ಸಾರಿ’ ಐದು ಕಡೆ ಇದೆ, ಐದರಲ್ಲಿ ನಾಲ್ಕರ ಬೆನ್ನಿಗೇ ‘ಬಟ್’ ಇದೆ. ಕ್ಷಮೆಯ ಹಿಂದೆ ‘ಆದರೆ’ ಬಂದರೆ ಆ ಕ್ಷಮೆ ಹಿಂದಕ್ಕೆ ಪಡೆದಂತೆಯೇ. ಹಾಗೆಯೇ ‘ಆಸ್ ಆಲ್ರೆಡಿ ಮೆನ್ಶನ್ಡ್’ ಎಂಬುದನ್ನು ನೀವು ವಿನಯವೆಂದು ಬರೆದಿದ್ದೀರಿ, ಓದುವವರಿಗೆ ಅದು ‘ನೀವು ಸರಿಯಾಗಿ ಓದಲಿಲ್ಲ’ ಎಂದು ಕೇಳಿಸುತ್ತದೆ.

ಮೇಲಿನ ಪತ್ರದಲ್ಲಿ ಸೌಜನ್ಯ ಇರುವುದು ಬೇರೆ ಕಡೆ. ಕ್ಷಮೆ ಒಂದೇ ಸಲ ಬಂದಿದೆ, ಆದರೆ ಯಾವುದಕ್ಕೆ ಎಂದು ಹೆಸರಿಸಿ ಬಂದಿದೆ. ಅವರಿಗಾದ ನಷ್ಟವನ್ನು, ಅಂದರೆ ಸಿದ್ಧತೆಯ ಮೂರು ದಿನವನ್ನು, ನಾವೇ ಬಾಯಿಬಿಟ್ಟು ಹೇಳಿದ್ದೇವೆ. 40 ಚೀಲಗಳನ್ನು ಅವರು ಕೇಳುವ ಮೊದಲೇ ತೆಗೆದಿರಿಸಿ, ಬೇಕೋ ಬೇಡವೋ ಎಂಬ ತೀರ್ಮಾನವನ್ನು ಅವರಿಗೇ ಬಿಟ್ಟಿದ್ದೇವೆ. ನೀವು ಹೆದರುವ ಒರಟುತನ ಬರುವುದು ಇವನ್ನೂ ಕತ್ತರಿಸಿ ‘ಕಂಟೇನರ್ 25ಕ್ಕೆ ಬರುತ್ತದೆ, ಸೂಚನೆ ಲಗತ್ತಿಸಿದೆ’ ಎಂದಷ್ಟೇ ಉಳಿಸಿದಾಗ. ಅಷ್ಟು ಗಿಡ್ಡವಾದ ಪತ್ರವನ್ನು ಓದಿದವರು ನೀವು ಮುನಿಸಿಕೊಂಡಿದ್ದೀರಿ ಎಂದುಕೊಳ್ಳುತ್ತಾರೆ. ಕತ್ತರಿಸುತ್ತ ಹೋದಂತೆ ಎರಡನೆಯ ವಾಕ್ಯ ಬೇಡವೆನ್ನಿಸಿತೆಂದರೆ, ನಿಲ್ಲಿಸಬೇಕಾದ ಜಾಗವನ್ನು ದಾಟಿದ್ದೀರಿ ಎಂದು ತಿಳಿಯಿರಿ.

ನಾನು ನೆದರ್ಲೆಂಡ್ಸ್‌ಗೆ ಬಂದ ಎರಡನೆಯ ವರ್ಷ ಇಂಥದ್ದೇ ಸಂದರ್ಭದಲ್ಲಿ ನಿಮ್ಮಷ್ಟೇ ಉದ್ದದ ಪತ್ರ ಬರೆದಿದ್ದೆ. ಗಿರಾಕಿಯಿಂದ ಒಂದೇ ಸಾಲಿನ ಉತ್ತರ ಬಂತು: ‘ಹಾಗಾದರೆ ಸರಕು ಯಾವತ್ತು ಬರುತ್ತದೆ?’ ದಿನಾಂಕ ನನ್ನ ಪತ್ರದಲ್ಲಿ ಇತ್ತು, ಐದನೆಯ ಪ್ಯಾರಾದಲ್ಲಿ. ಅಂದು ನನಗೆ ನೆನಪಾದದ್ದು ರಥಬೀದಿಯ ಹತ್ತಿರ ನನ್ನ ತಂದೆ ನಡೆಸುತ್ತಿದ್ದ ದಿನಸಿ ಅಂಗಡಿ. ಮಂಗಳೂರಿನ ಬಂದರಿನ ಸಗಟು ವ್ಯಾಪಾರಿ ಫೋನಿನಲ್ಲಿ ಲಾರಿಯ ಕಥೆ ಶುರು ಮಾಡಿದರೆ ಅವರು ನಡುವೆಯೇ ತಡೆದು, ‘ಅದೆಲ್ಲ ಇರ್ಲಿ ಮಾರಾಯ್ರೆ, ಸಾಮಾನು ಯಾವಾಗ ಬರ್ತದೆ ಹೇಳಿ, ನನ್ನ ಎದುರು ಗಿರಾಕಿ ನಿಂತಿದ್ದಾರೆ’ ಎನ್ನುತ್ತಿದ್ದರು. ರೋಟರ್‌ಡ್ಯಾಂನ ಗಿರಾಕಿಯ ಎದುರಿಗೂ ಅವರ ಗಿರಾಕಿಗಳು ನಿಂತಿರುತ್ತಾರೆ. ಡಚ್ಚರು ನೇರ ಮಾತಿನವರು ಎಂದು ನಿಮಗೆ ಎಲ್ಲರೂ ಹೇಳಿರುತ್ತಾರೆ, ಅದು ಸರಿಯೇ, ಆದರೆ ಈ ಒಂದು ವಿಷಯದಲ್ಲಿ ಅವರಿಗೂ ನಮ್ಮ ರಥಬೀದಿಗೂ ನನಗೆ ವ್ಯತ್ಯಾಸ ಕಂಡಿಲ್ಲ.

ಈ ಕ್ರಮಕ್ಕೆ ಒಂದು ಮಿತಿ ಇದೆ. ತಡವಾಗಿ ತಿಳಿಸಿದ್ದಕ್ಕೆ ಕ್ಷಮೆ ಕೇಳುವುದು ಬೇರೆ, ವಿಳಂಬದ ನಷ್ಟವನ್ನು ನಾವು ತುಂಬಿಕೊಡುತ್ತೇವೆ ಎಂದು ಒಪ್ಪುವುದು ಬೇರೆ. ಎರಡನೆಯದು ಕರಾರಿಗೆ ಸಂಬಂಧಿಸಿದ್ದು, ಅದನ್ನು ಬರೆಯುವ ಅಧಿಕಾರ ನಿಮಗಿಲ್ಲ. ಬೆಲೆಯ ಮಾತನ್ನು ಮ್ಯಾನೇಜರಿಗೆ ಬಿಟ್ಟಿರುವುದು ಅದಕ್ಕಾಗಿಯೇ. ಗಿರಾಕಿ ನಷ್ಟ ಪರಿಹಾರ ಕೇಳಿದರೆ ಅಥವಾ ವಕೀಲರ ಹೆಸರೆತ್ತಿದರೆ, ಆಗ ಸಂಕ್ಷೇಪವೇ ಅಪಾಯ. ದಿನಾಂಕವಾರು ಟಿಪ್ಪಣಿ ಪೂರ್ತಿಯಾಗಿ ಬೇಕಾಗುತ್ತದೆ, ಉತ್ತರವನ್ನು ಬರೆಯಬೇಕಾದವರೂ ನೀವಲ್ಲ.

40 ಚೀಲಗಳು ನಿಜವಾಗಿಯೂ ಬಿಡುವಾಗಿವೆಯೇ ಎಂದು ಗೋದಾಮಿನವರನ್ನು ಇಂದು ಬೆಳಿಗ್ಗೆಯೇ ಕೇಳಿಕೊಳ್ಳಿ, ನಾಳೆ ಕರೆ ಮಾಡಲು ಮ್ಯಾನೇಜರ್ ಒಪ್ಪಿದ್ದಾರೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಅವೆರಡೂ ಆಗುವ ತನಕ ವಿಳಾಸದ ಜಾಗವನ್ನು ಖಾಲಿ ಬಿಡಿ, ಅರೆಬೆಂದ ಪತ್ರ ಕೈತಪ್ಪಿ ಹೋಗುವುದಿಲ್ಲ. ಬಳಿಕ ಗಿರಾಕಿಗೆ ಫೋನ್ ಮಾಡಿ ಮೊದಲ ಎರಡು ವಾಕ್ಯಗಳನ್ನು ನೀವೇ ಬಾಯಿಯಲ್ಲಿ ಹೇಳಿ, ಫೋನ್ ಇಟ್ಟ ಕೂಡಲೇ ಪತ್ರ ಕಳಿಸಿ.