ಓದುಗರ ಪ್ರಶ್ನೆ: ಎಣಿಸಬೇಕಾದ ಪ್ಲೇಟ್ ಯಾವುದು?

ಪ್ರಶ್ನೆ: ಪ್ರಾಜೆಕ್ಟ್‌ಗಾಗಿ ಹಸಿ ಹಾಲನ್ನು ಡೈಲ್ಯೂಟ್ ಮಾಡಿ, 1 ಮಿ.ಲೀ.ನಂತೆ ಪೋರ್ ಪ್ಲೇಟ್ ಹಾಕಿದೆ. 10⁻³ರಲ್ಲಿ ಎಣಿಸಲಾಗದಷ್ಟು ಕಾಲೊನಿಗಳು. 10⁻⁴ರಲ್ಲಿ 186 ಮತ್ತು 204, 10⁻⁵ರಲ್ಲಿ 31 ಮತ್ತು 17, 10⁻⁶ರಲ್ಲಿ 2 ಮತ್ತು 0. ಕೊನೆಯ ಮೂರರ ಸರಾಸರಿ 17,83,333 ಬಂತು. ಹಾಗೇ ಬರೆಯಲೇ?

ಉತ್ತರ: ಬೇಡ. ಈ ಸರಾಸರಿಯ ಕಾಟ ತಪ್ಪುವುದೇ ಇಲ್ಲ. 10⁻⁴ರಿಂದ ಮಿ.ಲೀ.ಗೆ 19.5 ಲಕ್ಷ, 10⁻⁵ರಿಂದ 24 ಲಕ್ಷ, 10⁻⁶ರಿಂದ 10 ಲಕ್ಷ ಬಂತು, ಮೂರನ್ನೂ ಕೂಡಿಸಿ ಭಾಗಿಸಿದಿರಿ. ಅಂದರೆ 390 ಕಾಲೊನಿಗಳ ಮಾತಿಗೂ 2 ಕಾಲೊನಿಗಳ ಮಾತಿಗೂ ಒಂದೇ ತೂಕ ಕೊಟ್ಟಿರಿ. 10⁻⁶ರಲ್ಲಿ ಇನ್ನೊಂದೇ ಒಂದು ಕಾಲೊನಿ ಬೆಳೆದಿದ್ದರೂ ಆ ಅಂಕಿ 10 ಲಕ್ಷದಿಂದ 15 ಲಕ್ಷಕ್ಕೆ ಜಿಗಿಯುತ್ತಿತ್ತು.

ಒಂದು ಪ್ಲೇಟ್‌ನಲ್ಲಿ ಎಣಿಸಬಹುದಾದ ಕಾಲೊನಿಗಳಿಗೆ ಕೆಳಮಿತಿ ಇರುವುದೇ ಇದಕ್ಕಾಗಿ. ಎಷ್ಟೇ ಚೆನ್ನಾಗಿ ಕಲಕಿದರೂ ಪಿಪೆಟ್ಟಿಗೆ ಎಷ್ಟು ಬ್ಯಾಕ್ಟೀರಿಯಾ ಬರುತ್ತವೆ ಎನ್ನುವುದರಲ್ಲಿ ಆಕಸ್ಮಿಕ ಇದ್ದೇ ಇರುತ್ತದೆ. ಆ ಏರುಪೇರು ಸುಮಾರಾಗಿ ಎಣಿಕೆಯ ವರ್ಗಮೂಲದಷ್ಟು. 200 ಕಾಲೊನಿಗೆ 14, ಅಂದರೆ ಶೇ 7. 25ಕ್ಕೆ 5, ಅಂದರೆ ಶೇ 20. ಎರಡೇ ಕಾಲೊನಿ ಇದ್ದರೆ ಶೇ 70. ಮೇಲ್ಮಿತಿಯ ಕಾರಣ ಬೇರೆ: ಕಾಲೊನಿಗಳು ಒತ್ತೊತ್ತಾದರೆ ಒಂದರೊಳಗೊಂದು ಬೆರೆಯುತ್ತವೆ, ಕೆಲವು ಕಣ್ಣಿಗೆ ಕಾಣುವಷ್ಟು ಬೆಳೆಯುವುದೇ ಇಲ್ಲ. ಆಗ ಎಣಿಕೆ ಯಾವಾಗಲೂ ಕಡಿಮೆಯೇ ಬರುತ್ತದೆ. 30ರಿಂದ 300 ಎಂದು ಕೆಲವರು, 25ರಿಂದ 250 ಎಂದು ಅಮೆರಿಕದ ಎಫ್‌ಡಿಎ ಕೈಪಿಡಿ. ಯಾವುದಾದರೂ ಸರಿ, ಒಂದನ್ನು ಮೊದಲೇ ಆರಿಸಿಕೊಂಡು ವರದಿಯಲ್ಲಿ ಬರೆಯಿರಿ. ಫಲಿತಾಂಶ ನೋಡಿದ ಮೇಲೆ ಮಿತಿ ಆರಿಸುವುದು ಮೋಸ.

ಈಗ ನಿಮ್ಮ 31 ಮತ್ತು 17. 31 ಮಿತಿಯೊಳಗಿದೆ ಎಂದು ಅದನ್ನಷ್ಟೇ ಇಟ್ಟುಕೊಂಡು 17ನ್ನು ಬಿಸಾಡಿದರೆ 10⁻⁵ರ ಲೆಕ್ಕ 24 ಲಕ್ಷದಿಂದ 31 ಲಕ್ಷಕ್ಕೆ ಏರುತ್ತದೆ. ಹೆಚ್ಚು ಬಂದದ್ದನ್ನು ಉಳಿಸಿ ಕಡಿಮೆ ಬಂದದ್ದನ್ನು ಬಿಟ್ಟರೆ ಇನ್ನೇನಾಗುತ್ತದೆ? ನಿಮ್ಮ ಲ್ಯಾಬಿನ ಕೈಪಿಡಿ ಬೇರೆ ಹೇಳದಿದ್ದರೆ ಜೋಡಿಯನ್ನು ಜೋಡಿಯಾಗಿಯೇ ತೆಗೆದುಕೊಳ್ಳಿ. ಎರಡರ ನಡುವಿನ ಅಂತರ ತುಸು ಜಾಸ್ತಿಯೇ, ಆದರೂ ಆಕಸ್ಮಿಕವಾಗಿ ಬರಬಹುದಾದಷ್ಟೇ.

ಲೆಕ್ಕ ಹೀಗೆ. ಎಣಿಸಿದ ಕಾಲೊನಿಗಳೆಲ್ಲ ಸೇರಿ 186 + 204 + 31 + 17 = 438. ಇವು ಬಂದದ್ದು ಎಷ್ಟು ಮೂಲ ಹಾಲಿನಿಂದ? 10⁻⁴ರ ಎರಡು ಪ್ಲೇಟ್‌ಗಳಲ್ಲಿ 0.0002 ಮಿ.ಲೀ., 10⁻⁵ರ ಎರಡರಲ್ಲಿ 0.00002 ಮಿ.ಲೀ., ಒಟ್ಟು 0.00022. 438ನ್ನು ಅದರಿಂದ ಭಾಗಿಸಿದರೆ 19,90,909. ಎರಡೇ ಸಾರ್ಥಕ ಅಂಕಿಗೆ ಇಳಿಸಿ, ಮಿ.ಲೀ.ಗೆ 2.0 × 10⁶ ಸಿಎಫ್‌ಯು ಎಂದು ಬರೆಯಿರಿ. ಏಳಂಕಿ ಬರೆದರೆ ಕ್ಯಾಲ್ಕ್ಯುಲೇಟರ್ ಕೊಟ್ಟ ನಿಖರತೆಯನ್ನು ಹಾಲಿನ ತಲೆಗೆ ಕಟ್ಟಿದಂತೆ. ಸ್ಪ್ರೆಡ್ ಪ್ಲೇಟ್ ಮಾಡಿ 0.1 ಮಿ.ಲೀ. ಹರಡಿದ್ದರೆ ಮೂಲ ಹಾಲಿನ ಪ್ರಮಾಣ ಹತ್ತರಲ್ಲೊಂದಾಗುತ್ತದೆ. ಇದನ್ನು ಮರೆತು ಹತ್ತು ಪಟ್ಟು ಕಡಿಮೆ ಉತ್ತರ ಬರೆಯುವವರೇ ಹೆಚ್ಚು.

ವರದಿಗೆ ಮುನ್ನ ಇನ್ನೊಂದು ಪರೀಕ್ಷೆ ಮಾಡಿ. ಒಂದು ಡೈಲ್ಯೂಷನ್‌ನಿಂದ ಮುಂದಿನದಕ್ಕೆ ಎಣಿಕೆ ಸುಮಾರು ಹತ್ತು ಪಟ್ಟು ಇಳಿಯಬೇಕು. ನಿಮ್ಮದು 390ರಿಂದ 48ಕ್ಕೆ, ಎಂಟು ಪಟ್ಟು, ನಡೆಯುತ್ತದೆ. ಎರಡು ಮೂರು ಪಟ್ಟು ಮಾತ್ರ ಇಳಿದಿದ್ದರೆ ಲೆಕ್ಕ ಮಾಡುವ ಕೆಲಸವೇ ಬೇಡ. ಒಂದೇ ಟಿಪ್‌ನಲ್ಲಿ ಎಲ್ಲ ಟ್ಯೂಬ್‌ಗಳನ್ನೂ ಮುಗಿಸಿರುತ್ತೀರಿ. ಹಿಂದಿನ ಟ್ಯೂಬಿನದು ಟಿಪ್‌ಗೆ ಅಂಟಿಕೊಂಡು ಮುಂದಕ್ಕೆ ಹೋಗಿರುತ್ತದೆ. ಇಲ್ಲವೇ ಹಾಲಿನಲ್ಲಿ ಆ್ಯಂಟಿಬಯಾಟಿಕ್ ಉಳಿಕೆ ಇದ್ದು, ಕಡಿಮೆ ಡೈಲ್ಯೂಟ್ ಆದ ಪ್ಲೇಟ್‌ಗಳಲ್ಲಿ ಬೆಳವಣಿಗೆಯನ್ನು ತಡೆದಿರುತ್ತದೆ. ಪ್ರತಿ ಹೆಜ್ಜೆಗೂ ಹೊಸ ಟಿಪ್ ಹಾಕಿ, ಪ್ರತಿ ಟ್ಯೂಬನ್ನೂ ಚೆನ್ನಾಗಿ ಕಲಕಿ ಮತ್ತೆ ಮಾಡಿ. ಆಗಲೂ ಹಾಗೇ ಬಂದರೆ ಆ್ಯಂಟಿಬಯಾಟಿಕ್ ಪರೀಕ್ಷೆ ಮಾಡಿಸಿ.

ಪ್ರಶ್ನೆ: 10⁻¹ರಲ್ಲೂ ಒಂದೂ ಕಾಲೊನಿ ಬರಲಿಲ್ಲ. ಸೊನ್ನೆ ಎಂದು ಬರೆಯಬಹುದೇ?

ಉತ್ತರ: ಇಲ್ಲ. 1 ಮಿ.ಲೀ. ಹಾಕಿದ್ದರೆ ‘ಮಿ.ಲೀ.ಗೆ 10ಕ್ಕಿಂತ ಕಡಿಮೆ’ ಎಂದು ಬರೆಯಿರಿ.

ಪ್ರಶ್ನೆ: ಸಿಎಫ್‌ಯು ಅಂದರೆ ಬದುಕಿರುವ ಬ್ಯಾಕ್ಟೀರಿಯಾಗಳ ಸಂಖ್ಯೆ ತಾನೇ?

ಉತ್ತರ: ಅಲ್ಲ. ಸರಪಳಿಯಾಗಿರುವ ಹತ್ತು ಸ್ಟ್ರೆಪ್ಟೊಕಾಕಸ್ ಒಂದೇ ಕಾಲೊನಿ ಕೊಡುತ್ತವೆ; ನಿಮ್ಮ ಅಗರ್‌ನಲ್ಲಿ, ನಿಮ್ಮ ಉಷ್ಣಾಂಶದಲ್ಲಿ ಬೆಳೆಯದವು ಏನನ್ನೂ ಕೊಡುವುದಿಲ್ಲ.

ಪ್ರಶ್ನೆ: ಫಿಲ್ಟರ್ ಮಾರುವವರು ಟಿಡಿಎಸ್ ಮೀಟರ್ ಅದ್ದಿ ನಮ್ಮ ನೀರಿನಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಎಂದರು. ನಿಜವೇ?

ಉತ್ತರ: ಆ ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು, ಅದರಿಂದ ಕರಗಿದ ಲವಣವನ್ನು ಅಂದಾಜಿಸುತ್ತದೆ, ಅಷ್ಟೇ. ಅವರನ್ನು ಬಾಗಿಲಿನಿಂದಲೇ ಕಳಿಸಿ.