ಓಟಿಪಿ ಹೇಳದಿದ್ದರೂ ಹಣ ಹೋಗಬಹುದೇ?

ಓದುಗರ ಪತ್ರ: ‘ಇಂದು ರಾತ್ರಿಯೊಳಗೆ ಕೆವೈಸಿ ಅಪ್‌ಡೇಟ್ ಮಾಡದಿದ್ದರೆ ಖಾತೆ, ವ್ಯಾಲೆಟ್ ಎರಡೂ ಬಂದ್’ ಎಂಬ ಮೆಸೇಜ್ ಅಪ್ಪನಿಗೆ ಬಂತು. ಲಿಂಕ್ ಒತ್ತಿದರೆ ಒಂದು ಆ್ಯಪ್ ಇಳಿಯಿತು. ಅದು ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟು, ಡೆಬಿಟ್ ಕಾರ್ಡ್ ವಿವರವನ್ನೂ ತುಂಬಿದ್ದಾರೆ. ಓಟಿಪಿ ಮಾತ್ರ ಯಾರಿಗೂ ಹೇಳಿಲ್ಲ, ಹಣವೂ ಹೋಗಿಲ್ಲ. ಸುಮ್ಮನಿರಬಹುದೇ?

ಸಂಪಾದಕರ ಉತ್ತರ: ಖಂಡಿತ ಸುಮ್ಮನಿರಬೇಡಿ. ನಿಮಗೆ ಅಂದೇ ಇಮೇಲ್‌ನಲ್ಲಿ ತಿಳಿಸಿದ್ದನ್ನು ಉಳಿದವರಿಗೂ ಬೇಕಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಲಿಂಕಿನಿಂದ ಇಳಿದದ್ದು `.apk` ಎಂದು ಕೊನೆಯಾಗುವ ಕಡತ. ಇಂಥ ಆ್ಯಪ್‌ಗಳು ಮೊದಲು ಕೇಳುವುದೇ ಎಸ್ಸೆಮ್ಮೆಸ್ ಓದುವ ಅನುಮತಿ. ಅದು ಸಿಕ್ಕಿತೆಂದರೆ ಬ್ಯಾಂಕಿನ ಓಟಿಪಿ ಫೋನಿಗೆ ಬಂದ ಕ್ಷಣವೇ ವಂಚಕನಿಗೂ ತಲುಪುತ್ತದೆ, ಯಾರೂ ಬಾಯಿಬಿಡಬೇಕಾಗಿಲ್ಲ. ಕಾರ್ಡ್ ವಿವರ ಈಗಾಗಲೇ ಅವನ ಕೈಯಲ್ಲಿದೆ. ಹಣ ಇನ್ನೂ ಹೋಗಿಲ್ಲ ಎಂದರೆ ಅವನು ಇನ್ನೂ ಕೈಹಾಕಿಲ್ಲ, ಅಷ್ಟೇ.

ಆದ್ದರಿಂದ ಮೊದಲು ಆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈಯನ್ನೂ ಆರಿಸಿ. ಸಂಪರ್ಕ ಕಡಿದರೆ ಆ್ಯಪ್ ಏನನ್ನೂ ಹೊರಗೆ ಕಳಿಸಲಾರದು. ಬಳಿಕ ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಕಾರ್ಡ್, ನೆಟ್‌ಬ್ಯಾಂಕಿಂಗ್, ಯುಪಿಐ ಮೂರನ್ನೂ ನಿಲ್ಲಿಸಿ. ಬ್ಯಾಂಕಿನ ನಂಬರನ್ನು ಪಾಸ್‌ಬುಕ್ ಅಥವಾ ಕಾರ್ಡಿನ ಹಿಂಭಾಗದಿಂದಲೇ ತೆಗೆದುಕೊಳ್ಳಿ, ಮೆಸೇಜಿನಿಂದಲ್ಲ. ವ್ಯಾಲೆಟ್ ಕಂಪನಿಗೂ ತಿಳಿಸಿ. ಪಾಸ್‌ವರ್ಡ್ ಬದಲಿಸುವುದೂ ಬೇರೆ ಫೋನಿನಲ್ಲೇ ಆಗಲಿ.

ಅಪ್ಪನ ಸಿಮ್ಮನ್ನು ಬೇರೆ ಫೋನಿಗೆ ಹಾಕಿ `*#21#` ಒತ್ತಿ ನೋಡಿ. ಕರೆಗಳು ಗೊತ್ತಿಲ್ಲದ ನಂಬರಿಗೆ ತಿರುಗಿದ್ದರೆ `##002#` ಅದನ್ನು ರದ್ದು ಮಾಡುತ್ತದೆ. ಓಟಿಪಿಯನ್ನು ಕರೆಯಲ್ಲಿ ಕೇಳಿಸಿಕೊಳ್ಳುವ ದಾರಿಯೂ ಇರುವುದರಿಂದ ಇದನ್ನು ಬಿಡಬೇಡಿ. ಹಳೆಯ ಫೋನಿನಲ್ಲಿ ಮೆಸೇಜಿನ ಚಿತ್ರ ತೆಗೆದಿಟ್ಟು, ಫೋಟೊಗಳನ್ನು ಉಳಿಸಿಕೊಂಡು, ಫ್ಯಾಕ್ಟರಿ ರೀಸೆಟ್ ಮಾಡಿ. ಐಕಾನ್ ಅಳಿಸಿದರೆ ಸಾಲದು. ಇಂಥ ಆ್ಯಪ್‌ಗಳು ಐಕಾನನ್ನು ಅಡಗಿಸಿಕೊಂಡು ಒಳಗೇ ಕೂತಿರುತ್ತವೆ.

ನಿಮ್ಮ ಅಪ್ಪ ಹೆದರಿದ್ದರಲ್ಲಿ ತಪ್ಪಿಲ್ಲ, ಏಕೆಂದರೆ ಕೆವೈಸಿ ನವೀಕರಣ ನಿಜಕ್ಕೂ ಇದೆ. ಆದರೆ ಅದು ಗಂಟೆಗಳ ಲೆಕ್ಕದ್ದಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಡಿಮೆ ಅಪಾಯದ ಗ್ರಾಹಕರಿಗೆ ಅದು 10 ವರ್ಷಕ್ಕೊಮ್ಮೆ, ಹೆಚ್ಚು ಅಪಾಯದವರಿಗೂ 2 ವರ್ಷಕ್ಕೊಮ್ಮೆ. 2025ರ ತಿದ್ದುಪಡಿಯ ಪ್ರಕಾರ ಗಡುವಿಗೆ ಮುನ್ನ ಬ್ಯಾಂಕು ಕನಿಷ್ಠ ಮೂರು ಬಾರಿ ತಿಳಿಸಬೇಕು, ಅದರಲ್ಲಿ ಒಂದು ಕಾಗದದ ಪತ್ರವಾಗಿರಬೇಕು. ವಿವರ ಏನೂ ಬದಲಾಗಿಲ್ಲದಿದ್ದರೆ ಸ್ವಯಂ ಘೋಷಣೆಯೇ ಸಾಕು. ಅನುಮಾನವಿದ್ದರೆ ಅಪ್ಪನನ್ನು ಶಾಖೆಗೆ ಕರೆದುಕೊಂಡು ಹೋಗಿ ಕೇಳಿ.

ಹಣ ಹೋದದ್ದು ಕಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ, `cybercrime.gov.in`ನಲ್ಲಿ ದೂರು ದಾಖಲಿಸಿ, ಬ್ಯಾಂಕಿಗೂ ಹೇಳಿ ದೂರಿನ ಸಂಖ್ಯೆ ಮತ್ತು ಸಮಯ ಬರೆದಿಟ್ಟುಕೊಳ್ಳಿ. ಗ್ರಾಹಕನೇ ವಿವರ ಕೊಟ್ಟಿದ್ದರೆ, ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂತೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ಮೇಲಿನದು ಬ್ಯಾಂಕಿನದು.